ಕಂಬದ ಕಡೆ ನೋಡುವವರು

ಮರಿಮೇಸ್ತ್ರಿಯ ಮೀಸೆ ಹಣ್ಣಾಗಿ, ಮೊಮ್ಮಗಳು ಅದನ್ನು ಹಿಡಿದು ಜೋತಾಡುವ ವಯಸ್ಸು ಬಂದರೂ ಹೆಸರಿನ ಮುಂದಿನ ‘ಮರಿ’ ಮಾತ್ರ ಉದುರಲಿಲ್ಲ. ಅಣ್ಣ ಮೇಸ್ತ್ರಿ, ಹಾಗಾಗಿ ತಮ್ಮ ಮರಿಮೇಸ್ತ್ರಿ. ಎರಕದ ಕಾರ್ಖಾನೆಯಲ್ಲಿ ಒಮ್ಮೆ ಹೆಸರು ಅಚ್ಚಿಗೆ ಬಿತ್ತೆಂದರೆ ಆರಿ ಗಟ್ಟಿಯಾಯಿತು ಅಂತಲೇ ಲೆಕ್ಕ; ಆಮೇಲೆ ಸುತ್ತಿಗೆಯಲ್ಲಿ ಹೊಡೆದರೂ ಬಿಡುವುದಿಲ್ಲ. ಅಲ್ಲಿ ಕ್ರೇನಿನ ಸರಪಳಿ ಎಳೆಯುತ್ತಿದ್ದವನ ಹೆಸರು ಪೈಲ್ವಾನ. ಆಸಾಮಿ ಎಷ್ಟು ತೆಳ್ಳಗಿದ್ದನೆಂದರೆ ಜೋರು ಗಾಳಿ ಬೀಸಿದಾಗ ಸರಪಳಿಯೇ ಅವನನ್ನು ಹಿಡಿದುಕೊಂಡಿರುತ್ತಿತ್ತು.

ಅಣ್ಣ ಮೇಸ್ತ್ರಿಯ ಬಗ್ಗೆ ಹೇಳುವುದಾದರೆ ಒಂದು ಸಂಜೆ ಸಾಲದು. ಕುಲುಮೆಯ ಕಿಂಡಿಗೆ ಮುಖ ಕೊಟ್ಟು ಸಿಗರೇಟು ಹಚ್ಚಿಕೊಳ್ಳುತ್ತಿದ್ದನಂತೆ, ಹುಬ್ಬಿನ ಒಂದು ಕೂದಲೂ ಸುಡುತ್ತಿರಲಿಲ್ಲವಂತೆ. ಕರಗಿದ ಕಬ್ಬಿಣದ ಬಣ್ಣ ನೋಡಿ, ಇದು ಹಿಂದಿನ ಜನ್ಮದಲ್ಲಿ ಹೊಲಿಗೆ ಯಂತ್ರವಾಗಿತ್ತೋ ರೈಲು ಗಾಲಿಯಾಗಿತ್ತೋ ಹೇಳುತ್ತಿದ್ದನಂತೆ. ಇದರಲ್ಲಿ ಮುಕ್ಕಾಲು ಪಾಲು ಸುಳ್ಳು. ಆದರೆ ಉಳಿದ ಕಾಲು ಪಾಲಿಗೇ ಜನ ಎದ್ದು ನಿಲ್ಲುತ್ತಿದ್ದರು.

ಕಾರ್ಖಾನೆಯ ಯಜಮಾನ ಬಾಗಿಲು ಹಾಕಿಕೊಂಡು ಹೋದಾಗ, ಆ ಬಾಗಿಲನ್ನು ಮತ್ತೆ ತೆಗೆಸಿದವನು ಅವನೇ. ಇದ್ದ ಏಳು ಜನ ಸೇರಿ ಜಾಗವನ್ನೂ ಕುಲುಮೆಯನ್ನೂ ವಹಿಸಿಕೊಂಡರು. ಎಲ್ಲರೂ ಅವನನ್ನೇ ಯಜಮಾನನಾಗು ಅಂದರು. ಅವನು ಒಪ್ಪಲಿಲ್ಲ. ತಿಂಗಳಿಗೊಬ್ಬರು ಮುಂದಾಳು ಅಂದ. ಯಾವ ಕೆಲಸ ಮೊದಲು, ಯಾರು ಎಲ್ಲಿ ನಿಲ್ಲಬೇಕು, ಕಬ್ಬಿಣದ ರಸ ತುಂಬಿದ ತೊಟ್ಟಿ ಯಾವಾಗ ಅಚ್ಚಿನ ಮೇಲೆ ಬರಬೇಕು, ಎಲ್ಲ ಆ ತಿಂಗಳಿನವರದು. ಅವನು ಹಾಕಿದ ಕಟ್ಟಳೆ ಒಂದೇ.

“ತೊಟ್ಟಿ ‘ಎತ್ತಿ’ ಅನ್ನೋದು ಒಬ್ಬರ ಬಾಯಲ್ಲಿ ಮಾತ್ರ ಬರ್ಬೇಕು. ‘ಬೇಡ’ ಅನ್ನೋದು ಯಾರ ಬಾಯಲ್ಲಾದರೂ ಬರಬಹುದು. ಬಂದರೆ ನಿಲ್ಲಿಸಿ, ಆಮೇಲೆ ಜಗಳ ಆಡಿ.”

ಅವನು ಇರುವವರೆಗೆ ಇದು ನಡೆಯಿತು. ಹೇಗೆ ನಡೆಯಿತೆಂದರೆ, ಅವನು ಬಾಯಿ ಮುಚ್ಚಿಕೊಂಡಿದ್ದ. ಪ್ರಾಣಕ್ಕೆ ಅಪಾಯವಿಲ್ಲದ ತಪ್ಪುಗಳನ್ನು ಕಣ್ಣೆದುರೇ ಆಗಲು ಬಿಡುತ್ತಿದ್ದ. ಪೈಲ್ವಾನನ ಮೊದಲ ತಿಂಗಳಲ್ಲಿ ರಸ ಆರುವಷ್ಟು ಹೊತ್ತು ಮೀನಮೇಷ ಎಣಿಸಿ ಹೊಯ್ದದ್ದಕ್ಕೆ ಒಂದು ಪಂಪಿನ ಮೈ ಮಧ್ಯದಲ್ಲೇ ಸೀಳು ಬಿಟ್ಟಿತ್ತು. ಮೇಸ್ತ್ರಿ ಕಮಕ್ ಕಿಮಕ್ ಅನ್ನಲಿಲ್ಲ. ಮರುದಿನ ಎಲ್ಲರನ್ನೂ ಸುತ್ತ ಕೂರಿಸಿ, ಅದನ್ನು ಒಡೆಸಿ, ಪೈಲ್ವಾನನ ಕೈಯಲ್ಲೇ ಕಾರಣ ಹೇಳಿಸಿದ. ಪೈಲ್ವಾನ ಹೇಳುತ್ತಾ ಹೇಳುತ್ತಾ ಇನ್ನೂ ತೆಳ್ಳಗಾದ. ಆದರೆ ಮುಂದಿನ ಸರದಿಗೆ ಅವನ ‘ಎತ್ತಿ’ ಗುಂಡು ಹೊಡೆದ ಹಾಗೆ ಬಂತು.

ಹೊಯ್ಯುವ ಹೊತ್ತಿಗೆ ಮೇಸ್ತ್ರಿ ನಿಲ್ಲುತ್ತಿದ್ದದ್ದು ಕ್ರೇನಿನ ಪಕ್ಕದ ಉಕ್ಕಿನ ಕಂಬಕ್ಕೆ ಒರಗಿ. ಒಂದು ಚಳಿಗಾಲದಲ್ಲಿ ಅವನು ನಿದ್ದೆಯಲ್ಲೇ ಹೋಗಿಬಿಟ್ಟ. ಕಂಬ ಉಳಿಯಿತು.

ಅಣ್ಣ ಕಂಡ ಅಂತ ಮೊದಲು ಹೇಳಿದವನು ಗೂಬೆ. ಮರಳಿನ ಅಚ್ಚು ಕಟ್ಟುವವನು, ಕಣ್ಣು ಎರಡು ಬಟ್ಟಲು. ಅಂದು ತಾನೇ ಮುಂದಾಳಾಗಿದ್ದ. ಹೊಯ್ಯುವ ಮುಂಚೆ ಕಂಬದ ಕಡೆ ನೋಡಿದನಂತೆ, ಅಣ್ಣ ಅಲ್ಲೇ ಇದ್ದನಂತೆ, ಎಂದಿನ ಹಾಗೆ ಒರಗಿಕೊಂಡು, ಹೂಂ ಅಂತ ತಲೆ ಆಡಿಸಿದನಂತೆ. ಯಾರೂ ನಗಲಿಲ್ಲ. ಮುಂದಿನ ತಿಂಗಳು ಪೈಲ್ವಾನನಿಗೂ ಕಂಡ. ಆಮೇಲೆ ಅದೊಂದು ಪದ್ಧತಿಯಾಯಿತು. ಕುಲುಮೆ ಗುಡುಗುತ್ತದೆ, ರಸ ತೊಟ್ಟಿಗೆ ಇಳಿಯುತ್ತದೆ, ಮೇಲೆ ತೇಲುವ ಕಿಟ್ಟ ತೆಗೆಯುತ್ತಾರೆ, ಆಮೇಲೆ ಒಂದು ಕ್ಷಣ ಎಲ್ಲರ ಕತ್ತೂ ಕಂಬದ ಕಡೆ ತಿರುಗುತ್ತದೆ. ಯಾರೋ “ಹೂಂ, ಆಯ್ತು” ಅನ್ನುತ್ತಾರೆ. ಮುಂದಾಳು “ಎತ್ತಿ” ಅನ್ನುತ್ತಾನೆ.

ಹೀಗೊಬ್ಬ ಯಜಮಾನ ಸಿಕ್ಕರೆ ಯಾರಿಗೆ ಬೇಡ? ಬೈಯುವುದಿಲ್ಲ, ರಜೆ ಕೇಳಿದರೆ ಮುಖ ಗಂಟಿಕ್ಕುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಾಲು ಕೆಟ್ಟರೆ ತಪ್ಪು ಯಾರದ್ದೂ ಅಲ್ಲ. ಅಣ್ಣ ತಲೆ ಆಡಿಸಿದ್ದ, ನಾವೇನು ಮಾಡೋಣ ಅನ್ನುವುದು. ಕೆಟ್ಟದ್ದನ್ನು ಒಡೆದು ನೋಡುವ ಕೂಟ ನಿಂತೇಹೋಯಿತು. ದೊಡ್ಡ ಅಚ್ಚು ಕಟ್ಟುವ ನೆಲದ ಗುಂಡಿಯ ಹಿಂದುಗಡೆ ಸೂರಿನಲ್ಲಿ ಒಂದು ತಗಡು ಸೀಳಿ ಮಳೆ ಸೋರುತ್ತಿತ್ತು. ಒಬ್ಬ ಬಕೆಟ್ಟು ಇಟ್ಟ; ನನ್ನ ತಿಂಗಳು ಮುಗೀತು, ಮುಂದಿನವನು ನೋಡಿಕೊಳ್ಳಲಿ ಅಂದ. ಮುಂದಿನವನು ಬಕೆಟ್ಟು ದೊಡ್ಡದು ಮಾಡಿದ. ಹೀಗೆ ಬಕೆಟ್ಟಿಗೆ ಬಡ್ತಿ ಸಿಗುತ್ತಾ ಹೋಯಿತೇ ಹೊರತು ತಗಡಿನ ಹತ್ತಿರ ಯಾರೂ ಹೋಗಲಿಲ್ಲ. ಮರಿಮೇಸ್ತ್ರಿಯೂ ತನ್ನ ಸರದಿಯಲ್ಲಿ ಬಕೆಟ್ಟು ಚೆಲ್ಲಿದನೇ ವಿನಾ ಏಣಿ ಹತ್ತಲಿಲ್ಲ.

ಅವನಿಗೆ ಬೇರೆಯೇ ಒಂದು ಹುಳ ಕೊರೆಯುತ್ತಿತ್ತು. ಅವನಿಗೆ ಅಣ್ಣ ಕಾಣಿಸುತ್ತಲೇ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವನು, ಒಂದೇ ಹಾಸಿಗೆಯಲ್ಲಿ ಒದೆಸಿಕೊಂಡು ಬೆಳೆದವನು. ಗೂಬೆಗೆ ಕಾಣುತ್ತಾನೆ, ಪೈಲ್ವಾನನಿಗೆ ಕಾಣುತ್ತಾನೆ, ಒಡಹುಟ್ಟಿದ ತಮ್ಮನಿಗೆ ಬರೀ ಕಂಬ, ಅದರ ಮೇಲೆ ಭುಜ ತಾಗಿ ತಾಗಿ ಬಣ್ಣ ಹೋದ ಜಾಗ. ಸಾಯುವ ಹಿಂದಿನ ವಾರ ಇಬ್ಬರಿಗೂ ಸಣ್ಣ ಮಾತು ಬಂದಿತ್ತು. ಅದಕ್ಕೇ ಮುಖ ತೋರಿಸುತ್ತಿಲ್ಲವೇನೋ ಎಂದು ಒಳಗೊಳಗೇ ಬೇಯುತ್ತಿದ್ದ. ಆದರೂ ತನ್ನ ಸರದಿ ಬಂದಾಗ ಕಂಬ ನೋಡುತ್ತಿದ್ದ, “ಹೂಂ” ಅನ್ನುತ್ತಿದ್ದ.

ಅಷ್ಟರಲ್ಲಿ ಅಣ್ಣನ ಮಗಳು ಕೆಲಸಕ್ಕೆ ಸೇರಿದ್ದಳು, ಅಪ್ಪನ ಪಾಲಿನ ಜಾಗಕ್ಕೆ. ರಸದ ತೊಟ್ಟಿಯ ಪಕ್ಕ ನಿಂತು, ಚಕ್ರ ತಿರುಗಿಸಿ, ಅದನ್ನು ಅಚ್ಚಿನ ಬಾಯಿಗೆ ಬಗ್ಗಿಸುವ ಕೆಲಸ ಅವಳದು. ಅಂದರೆ ಏನಾದರೂ ಹಾರಿದರೆ ಮೊದಲು ಅವಳ ಮೇಲೆ.

ದೊಡ್ಡ ಹಲ್ಲುಗಾಲಿಯೊಂದರ ಕೆಲಸ ಬಂದದ್ದು ಮರಿಮೇಸ್ತ್ರಿಯ ತಿಂಗಳಲ್ಲಿ, ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದ್ದಾಗ. ಅಷ್ಟು ದೊಡ್ಡ ಅಚ್ಚನ್ನು ನೆಲದ ಗುಂಡಿಯಲ್ಲೇ ಕಟ್ಟಿ, ಬೆಂಕಿಯಿಟ್ಟು ಒಣಗಿಸಬೇಕು. ಗೂಬೆ ಒಣಗಿಸಿದೆ ಅಂದ. ಆದರೆ ಹೇಳುವಾಗ ಆ ಬಟ್ಟಲು ಕಣ್ಣು ಎಲ್ಲೋ ನೋಡುತ್ತಿದ್ದವು. ಮರಿಮೇಸ್ತ್ರಿ ಗುಂಡಿಯ ಅಂಚಿಗೆ ಅಂಗೈ ಇಟ್ಟ. ತಣ್ಣಗೆ, ಬೆಕ್ಕಿನ ಮೂಗಿನ ಹಾಗಿತ್ತು. ಕರಗಿದ ಕಬ್ಬಿಣದ ಕೆಳಗೆ ನೀರು ಸಿಕ್ಕಿಕೊಂಡರೆ ಏನಾಗುತ್ತದೆಂದು ಆ ಸೂರಿನಡಿ ತಿಳಿಯದವರಿಲ್ಲ. ನೀರು ಒಂದೇ ಏಟಿಗೆ ಆವಿಯಾಗಿ ಮೇಲಿನ ರಸವನ್ನೆಲ್ಲ ಎತ್ತಿ ಎಸೆಯುತ್ತದೆ. ಆದರೂ ಅವನು ಬಾಯಿ ಬಿಡಲಿಲ್ಲ. ಹೇಗೂ ಅಣ್ಣ ನೋಡಿಕೊಳ್ಳುತ್ತಾನಲ್ಲ ಎಂಬ ಮಾತು ಅವನ ತಲೆಯಲ್ಲೂ ಓಡಿತು.

ಕುಲುಮೆಯ ಬಾಯಿ ತೆರೆದರು. ರಸ ಇಳಿಯಿತು. ಕಿಟ್ಟ ತೆಗೆದರು. ಕತ್ತುಗಳು ತಿರುಗಿದವು. ಬೆಳಕು ಕಂಬದ ಮೇಲೆ ಕುಣಿಯುತ್ತಿತ್ತು, ಹಿಂದೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮರಿಮೇಸ್ತ್ರಿ ನೋಡಿದ, ನೋಡಿದ. ಬಣ್ಣ ಹೋದ ಕಬ್ಬಿಣ.

“ಹೂಂ, ಅಣ್ಣ ಆಯ್ತಂದ,” ಎಂದ ಪೈಲ್ವಾನ. “ಹೇಳು ಮರಿ. ಆರ್ತಾ ಇದೆ.”

ಅಣ್ಣನ ಮಗಳು ಚಕ್ರದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಮುಖಗವಸಿನ ಗಾಜಿನ ಹಿಂದೆ ಅವಳ ಕಣ್ಣು ಮಾತ್ರ ಕಾಣುತ್ತಿದ್ದವು. ಅಣ್ಣನವೇ ಕಣ್ಣು.

“ನಂಗೆ ಕಾಣ್ತಿಲ್ಲ,” ಎಂದ ಮರಿಮೇಸ್ತ್ರಿ.

“ಏನು ಕಾಣ್ತಿಲ್ಲ?”

“ಅಣ್ಣ. ಇವತ್ತಲ್ಲ, ಯಾವತ್ತೂ ಕಂಡಿಲ್ಲ. ಸುಳ್ಳು ಹೇಳ್ತಿದ್ದೆ. ಹೊಯ್ಯೋದು ಬೇಡ. ಆ ಕಡೆ ಒಣ ಅಚ್ಚುಗಳಿವೆಯಲ್ಲ, ಗಟ್ಟಿ ಕಟ್ಟೋವು, ಅದಕ್ಕೆ ಬಗ್ಗಿಸಿ.”

ಅಷ್ಟು ರಸವನ್ನು ಮತ್ತೆ ಬರೀ ಕಬ್ಬಿಣದ ಗಟ್ಟಿಗಳಾಗಿಸುವುದೆಂದರೆ ಮಾಡಿದ ಅಡುಗೆಯನ್ನು ಮತ್ತೆ ಅಕ್ಕಿಯಾಗಿಸಿದ ಹಾಗೆ. ಪೈಲ್ವಾನ ಗೊಣಗಿದ. ಆದರೆ ‘ಬೇಡ’ ಬಂದಿತ್ತಲ್ಲ. ಸರಪಳಿ ಆ ಕಡೆಗೆ ಎಳೆದ. ಎಲ್ಲ ಮುಗಿದ ಮೇಲೆ, ಯಾರೂ ಹೇಳದೆಯೇ, ಗೂಬೆ ಗುಂಡಿಗಿಳಿದು ಅಚ್ಚಿನ ಮೇಲಿನ ಅರ್ಧವನ್ನು ಎತ್ತಿಸಿ ತಳಕ್ಕೆ ಕೈ ಹಾಕಿದ. ಬೆರಳಿಗೆ ಮರಳು ಅಂಟಿಕೊಂಡು ಬಂತು. ಅವನು ಕೈಯೊತ್ತಿದ ಗುರುತಿನಲ್ಲಿ ನೀರು ಮೆಲ್ಲಗೆ ತುಂಬಿಕೊಂಡು ಹೊಳೆಯಿತು.

ಗೂಬೆ ಅಲ್ಲೇ ಕುಕ್ಕರಿಸಿ, ಬೆಳಿಗ್ಗೆಯೇ ತನಗೆ ಅನುಮಾನವಿತ್ತು ಅಂದ. ಅಣ್ಣ ಇದ್ದಾನಲ್ಲ ಅಂತ ಸುಮ್ಮನಿದ್ದೆ ಅಂದ. ಹಾಗಾದರೆ ಅಣ್ಣ ಯಾಕೆ ತಲೆ ಆಡಿಸಿದ ಎಂದು ಯಾರೋ ಪೈಲ್ವಾನನನ್ನು ಕೇಳಿದರು. ಪೈಲ್ವಾನ ಬಹಳ ಹೊತ್ತು ಸರಪಳಿ ಒರೆಸಿದ. ಆಮೇಲೆ, ತನಗೆ ಒಮ್ಮೆಯೂ ಕಂಡಿರಲಿಲ್ಲ, ಗೂಬೆಗೆ ಕಂಡ ಅಂದಮೇಲೆ ತನಗೆ ಕಾಣಲಿಲ್ಲ ಅನ್ನುವುದು ಹೇಗೆ ಅಂದ. ಎಲ್ಲರೂ ಗೂಬೆಯ ಕಡೆ ತಿರುಗಿದರು. ಮೊದಲ ದಿನ ಏನೋ ಕಂಡ ಹಾಗಾಯಿತು, ನೆರಳೋ ಏನೋ, ಆಮೇಲೆ ನಿಮಗೆಲ್ಲ ಕಾಣುತ್ತಿತ್ತಲ್ಲ ಎಂದ ಗೂಬೆ. ಹೀಗೆ ಒಬ್ಬೊಬ್ಬರಾಗಿ ಎಲ್ಲರ ಬಾಯಿಂದಲೂ ಅಣ್ಣ ಎದ್ದು ಹೋದ. ಅವನು ಎರಡನೇ ಸಲ ಸತ್ತದ್ದು ಆ ಮಧ್ಯಾಹ್ನ. ಮೊದಲ ಸಲಕ್ಕಿಂತ ಜೋರಾಗಿ ಅತ್ತರು.

“ನಾನು ಕಂಬ ನೋಡ್ತಾನೇ ಇರಲಿಲ್ಲ ಚಿಕ್ಕಪ್ಪ,” ಎಂದಳು ಅಣ್ಣನ ಮಗಳು. “ನಿಮ್ಮೆಲ್ಲರ ಮುಖ ನೋಡ್ತಿದ್ದೆ. ಹೆದರಿಕೆ ಆಗ್ತಿದ್ದದ್ದು ಅದನ್ನ ನೋಡಿ.”

ಮರುದಿನ ಸೂರಿಗೆ ಹೊಸ ತಗಡು ಬಂತು. ಕಟ್ಟಳೆಗಳೂ ಬಂದವು. ಹಿಂದಿನ ತಿಂಗಳಿನವರು ಹೊಸಬರ ಜೊತೆ ಒಂದು ವಾರ ಓಡಾಡಬೇಕು. ತಿಂಗಳು ದಾಟುವ ಕೆಲಸವಿದ್ದರೆ ಒಬ್ಬರ ಹೆಸರಿಗೆ ಕಟ್ಟಬೇಕು. ಸರದಿ ಮುಗಿದರೂ ಕೆಲಸ ಮುಗಿಯುವವರೆಗೆ ಅದು ಅವರದ್ದೇ. ಕೆಟ್ಟ ಮಾಲನ್ನು ಮತ್ತೆ ಒಡೆದು ನೋಡತೊಡಗಿದರು. ಎಲ್ಲ ಸರಿಹೋಯಿತು ಅಂದುಕೊಂಡರು.

ಮುಂದಿನ ತಿಂಗಳು ಗೂಬೆಯದು. ರಸ ಇಳಿಯಿತು, ಕಿಟ್ಟ ತೆಗೆದರು, ಕತ್ತುಗಳು ತಿರುಗಿದವು. ಕಂಬದ ಕಡೆಗಲ್ಲ. ಮರಿಮೇಸ್ತ್ರಿಯ ಕಡೆಗೆ.

ಬದುಕಿರುವವನನ್ನು ಹಾಗೆ ಯಾರೂ ನೋಡಬಾರದು. ತಿಳಿಯದೇ ಅವನ ತಲೆ ಹೂಂ ಅಂತ ಆಡಿತು, “ಎತ್ತಿ” ಎಂದ ಗೂಬೆ. ಹೊರಗೆ ಬಂದು ನಲ್ಲಿಯ ನೀರಲ್ಲಿ ಮುಖ ತೊಳೆಯುವಾಗ ಮರಿಮೇಸ್ತ್ರಿಗೆ, ಅಣ್ಣ ಅಷ್ಟು ವರ್ಷ ಅಷ್ಟು ಕಷ್ಟಪಟ್ಟು ತಲೆ ಆಡಿಸದೆ ನಿಂತಿದ್ದು ನೆನಪಾಯಿತು. ಅವನು ಕಂಬಕ್ಕೆ ಒರಗುತ್ತಿದ್ದದ್ದು ಆರಾಮಕ್ಕಲ್ಲ, ಕತ್ತು ಅಲುಗದಿರಲಿ ಅಂತ ಇರಬೇಕು. ಅವತ್ತಿನಿಂದ ಮರಿಮೇಸ್ತ್ರಿ ಕುಲುಮೆಯ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚುವ ಕೆಲಸ ಕೇಳಿ ತೆಗೆದುಕೊಂಡ. ಅಲ್ಲಿ ನಿಂತರೆ ಮುಖ ಬೆಂಕಿಗೆ, ಬೆನ್ನು ಜನಕ್ಕೆ.

ಅಣ್ಣನ ಮಗಳ ಮೊದಲ ತಿಂಗಳು ಬಂತು. ಮತ್ತದೇ ಹಲ್ಲುಗಾಲಿ, ಅದೇ ಗುಂಡಿ. ಹಿಂದಿನ ದಿನವೆಲ್ಲ ಅವಳು ಗೂಬೆಯ ಜೊತೆ ಗುಂಡಿಯಲ್ಲೇ ಇದ್ದಳು. ಚಿಕ್ಕಪ್ಪನನ್ನು ಏನೂ ಕೇಳಲಿಲ್ಲ. ಅವನೂ ಗುಂಡಿಯ ಹತ್ತಿರ ಸುಳಿಯಲಿಲ್ಲ. ರಸ ಇಳಿಯಿತು. ಮರಿಮೇಸ್ತ್ರಿ ಕೋಲಿನ ತುದಿಯ ಜೇಡಿಮಣ್ಣನ್ನು ಕಿಂಡಿಗೆ ಒತ್ತಿ ಹಿಡಿದ. ಹಿಂದೆ ಸದ್ದಡಗಿತು. ಕತ್ತಿನ ಹಿಂಭಾಗದ ಮೇಲೆ ಕಣ್ಣುಗಳು ಒಂದೊಂದಾಗಿ ಬಂದು ಕೂತವು, ಒದ್ದೆ ಕೈ ಇಟ್ಟ ಹಾಗೆ. ಅವುಗಳಲ್ಲಿ ಅವಳದೂ ಇದೆಯೋ ಇಲ್ಲವೋ ತಿಳಿಯಲಿಲ್ಲ. ತಿರುಗಿದರೆ ಮುಗಿಯಿತು, ಮತ್ತೆ ತಾನೇ ಕಂಬ. ತಿರುಗದಿದ್ದರೆ, ಮತ್ತೆ ನೀರು ಬಂದಿದ್ದರೆ? ರಸ ಆರುತ್ತಿತ್ತು. ಯಾರೋ ಸಣ್ಣಗೆ ಕೆಮ್ಮಿದರು.

ಅವನು ಕಣ್ಣು ಮುಚ್ಚಿಕೊಂಡ.

“ನನ್ನ ಕಡೆ ನೋಡಿ,” ಎಂಬ ಅವಳ ದನಿ ಕೇಳಿತು. ಅವನ ಕತ್ತಿನ ಮೇಲಿನ ಭಾರ ಮೆಲ್ಲಗೆ ಸರಿಯಿತು. “ಎತ್ತಿ.”

ಸರಪಳಿ ಕಿರುಗುಟ್ಟಿತು.