ಮೈಕಿನ ಬಗ್ಗೆ ನಾನು ಬರೆದ ಎರಡು ಪುಟ

"ಶಿವಮೊಗ್ಗಕ್ಕೆ ಹೋಗಿ, ಇದು ಕೆಲಸ ಮಾಡ್ತಿಲ್ಲ ಅಂತ ಹೇಳಿ, ಬೇರೆ ಇಸ್ಕೊಂಡು ಬಾರೋ" ಎಂದಿದ್ದಳು ಅಕ್ಕ. ಅಷ್ಟು ಮಾಡಿದ್ದರೆ ಸಾಕಿತ್ತು.

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅದರ ಹಿಂದಿನ ಕೋಣೆಯಲ್ಲಿ ಕೂತು ಅಕ್ಕ ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಶಾಲೆಯ ಕೆಲಸ ಹೋದ ಮೇಲೆ ಅವಳಿಗೆ ಉಳಿದಿದ್ದು ಅದೊಂದೇ ಬ್ಯಾಚು. ಲ್ಯಾಪ್‌ಟಾಪಿನ ಮೈಕಿನಲ್ಲಿ ದನಿ ಬಾವಿಯೊಳಗಿಂದ ಬಂದಂತಿದೆ ಎಂದು ಟ್ಯೂಷನ್ ಕಂಪನಿಯವರು ಗೊಣಗಿದ್ದಕ್ಕೆ ಶಿವಮೊಗ್ಗದ ಅಂಗಡಿಯೊಂದರಲ್ಲಿ ಯುಎಸ್‌ಬಿ ಮೈಕು ಕೊಂಡಿದ್ದಳು. ನಾಲ್ಕು ದಿನ ಚೆನ್ನಾಗಿತ್ತು. ಐದನೆಯ ದಿನ "ಎಕ್ಸ್ ಸಮ" ಎನ್ನುವಷ್ಟರಲ್ಲಿ ಕರಕರ ಎಂದಿತು, ಆಮೇಲೆ ದನಿಯೇ ಇಲ್ಲ. ಮತ್ತೆ ಬಂತು, ಮತ್ತೆ ಹೋಯಿತು. ಸೋಮವಾರದ ಕ್ಲಾಸು ಕೇಳಿ ನೋಡುತ್ತೇವೆ, ಹೀಗೇ ಇದ್ದರೆ ಬ್ಯಾಚು ಬೇರೆಯವರಿಗೆ ಎಂದು ಕಂಪನಿಯಿಂದ ಮೆಸೇಜು ಬಂತು. ಬಿಲ್ಲಿನ ಹಿಂದೆ, ಏಳು ದಿನದೊಳಗೆ ದೋಷ ಕಂಡರೆ ಬದಲಿ ಕೊಡಲಾಗುವುದು ಎಂದಿತ್ತು.

ನಾನೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ತಂದವನು. ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದವನ್ನು ಮುರಿಯಬೇಕು ಎಂದು ಕಲಿತವನು. ಅಂಗಡಿಯವನು ಏನೇನು ಹೇಳಬಹುದು? ಲ್ಯಾಪ್‌ಟಾಪ್ ಸರಿಯಿಲ್ಲ ಎನ್ನಬಹುದು. ಪಕ್ಕದ ಮನೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ, ಅದೇ ಕರಕರ. ಕೇಬಲ್ ಹೋಗಿದೆ ಎನ್ನಬಹುದು. ಬೇರೆ ಕೇಬಲ್ ಹಾಕಿದೆ, ಅದೇ. ನೀವು ಬೀಳಿಸಿದ್ದೀರಿ, ಒಳಗಿನ ವೈರು ಬಿಟ್ಟಿದೆ ಎನ್ನಬಹುದು. ತಳದ ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ವೈರುಗಳೆಲ್ಲ ಗಟ್ಟಿಯಾಗಿದ್ದವು. ಫೋಟೋ ತೆಗೆದೆ.

"ಅದನ್ನ ಬಿಚ್ಬೋದೇನೋ?" ಎಂದಳು ಅಕ್ಕ.

"ಸಾಕ್ಷಿ ಬೇಡ್ವಾ?" ಎಂದೆ.

ದೂರು ಎರಡು ಪುಟವಾಯಿತು. 'ಮಾನ್ಯರೇ' ಎಂದು ಆರಂಭಿಸಿ, ಸಂಭವನೀಯ ಆಕ್ಷೇಪಗಳನ್ನು ಒಂದೊಂದಾಗಿ ಖಂಡಿಸಿ, ಕೂಡಲೇ ಬದಲಿ ಕೊಡಬೇಕೆಂದು ಮುಗಿಸಿದ್ದೆ. ಮೂರು ಸಲ ಓದಿಕೊಂಡೆ. ಒಂದು ಬಿರುಕೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದೆ. ಅಂಗಡಿಯ ಮಾಲೀಕರು ಐವತ್ತು ದಾಟಿದವರು. ಕನ್ನಡಕ ಏರಿಸಿಕೊಂಡು ಕಾಗದವನ್ನು ನಿಧಾನವಾಗಿ ಓದಿದರು.

"ಲಾಯರ್ರಾ ನೀವು?"

"ಅಲ್ಲ."

"ಆಗಿ ಮಾರಾಯ್ರೆ, ಒಳ್ಳೆ ಪಾಯಿಂಟು ಹಾಕಿದೀರಿ." ಎರಡನೆಯ ಪುಟದಲ್ಲಿ ಅವರ ಬೆರಳು ನಿಂತಿತು. "ಇದೇನಿದು, ಸ್ಕ್ರೂ ಬಿಚ್ಚಿದ್ರಾ?"

ಮೈಕನ್ನು ತಿರುಗಿಸಿ ತೋರಿಸಿದರು. ಸ್ಕ್ರೂವಿನ ಮೇಲೆ ಉಗುರಿನಷ್ಟಗಲದ ಬಿಳಿ ಸ್ಟಿಕ್ಕರು, ನಡುವೆ ಹರಿದಿತ್ತು. ವಾರಂಟಿಯ ಸೀಲು. ನಾನು ಅದನ್ನು ಬೆಲೆಚೀಟಿಯ ಚೂರು ಎಂದುಕೊಂಡು ಸ್ಕ್ರೂಡ್ರೈವರಿನಿಂದ ಚುಚ್ಚಿದ್ದೆ.

"ಸೀಲು ಹರಿದದ್ದರಿಂದ ಮೈಕು ಕೆಟ್ಟಿಲ್ಲ. ಕೆಟ್ಟಿದ್ದಕ್ಕೇ ಬಿಚ್ಚಿದ್ದು. ಯಾವುದು ಮೊದಲು ಅನ್ನೋದು ಮುಖ್ಯ ಅಲ್ವಾ ಸರ್?"

"ಮುಖ್ಯನೇ. ನೀವು ಹೇಳೋದು ನೂರಕ್ಕೆ ನೂರು ಸರಿ ಅಂತಿಟ್ಕೊಳಿ. ನಾನು ನಿಮಗೆ ಹೊಸದು ಕೊಟ್ರೆ ಇದನ್ನ ಕಂಪನಿಗೆ ವಾಪಸ್ ಕಳಿಸ್ಬೇಕು. ಸೀಲ್ ಹರಿದಿದ್ದು ಅಂದ್ರೆ ಅವರು ಡಬ್ಬ ತೆಗೆದೂ ನೋಡಲ್ಲ. ನಿನ್ನೆ ಹಾಗೇ ತಂದಿದ್ರೆ ನಿಂತ ಕಾಲಲ್ಲಿ ಬದಲಾಯಿಸಿ ಕೊಡ್ತಿದ್ದೆ."

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದೆ. ಹೋಗಿ, ಅದು ನಿಮ್ಮ ಹಕ್ಕು ಎಂದರು, ವ್ಯಂಗ್ಯವಿಲ್ಲದೆ. ನನ್ನ ದೂರಿನ ಪ್ರತಿಯ ಮೇಲೆ 'ಸ್ವೀಕರಿಸಿದೆ. ಗ್ರಾಹಕರೇ ತೆರೆದಿದ್ದಾರೆ' ಎಂದು ಬರೆದು ಸೀಲು ಒತ್ತಿ ಕೊಟ್ಟರು. ಆಯೋಗದಲ್ಲಿ ನಾನು ಗೆಲ್ಲಬಹುದಿತ್ತೇನೋ. ಆದರೆ ಅದಕ್ಕೆ ತಿಂಗಳುಗಳು ಬೇಕು. ಸೋಮವಾರಕ್ಕೆ ಉಳಿದಿದ್ದು ಎರಡೇ ದಿನ.

ಅಕ್ಕ ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವಳು ಮೈಕನ್ನು ಡಬ್ಬದಲ್ಲಿಟ್ಟು, "ಊಟ ಮಾಡು, ಆರೋಗುತ್ತೆ" ಎಂದಳು. ಇನ್ನೊಂದು ಕೊಳ್ಳುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಸೋಮವಾರ ಅವಳು ನನ್ನ ಫೋನಿನ ಇಯರ್‌ಫೋನನ್ನು ತುಟಿಗೆ ಹಿಡಿದು ಪಾಠ ಮಾಡಿದಳು. ಪಕ್ಕದ ಮನೆಯ ಕುಕ್ಕರ್ ಕೂಗಿದ್ದೂ ತರಕಾರಿ ಗಾಡಿಯ ಕೂಗೂ ಸಮೀಕರಣದೊಳಗೆ ಸೇರಿಕೊಂಡವು. ಪಾಠ ಅರ್ಧವಾಗುವ ಮೊದಲೇ ಪಕ್ಕದಲ್ಲಿದ್ದ ಅವಳ ಫೋನಿಗೆ ಕಂಪನಿಯ ಮೆಸೇಜು ಬಂತು: ನಾಳೆಯಿಂದ ಈ ಬ್ಯಾಚಿಗೆ ಬೇರೆ ಟೀಚರ್. ಅವಳು ಅದನ್ನು ಓದಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಪರದೆಯ ಮೇಲೆ ಯಾವುದೋ ಮಗು ಬರೆಯಿತು: "ಮಿಸ್, ಕೇಳಿಸ್ತಿಲ್ಲ."

ಅಕ್ಕ ಇಯರ್‌ಫೋನನ್ನು ಇನ್ನೂ ಹತ್ತಿರಕ್ಕೆ ಹಿಡಿದು, ಲೆಕ್ಕವನ್ನು ಮೊದಲಿನಿಂದ, ಜೋರಾಗಿ ಹೇಳತೊಡಗಿದಳು.