ಬುಡ ನೋಡದ ಮಜ್ಜಿಗೆ ಹುಲ್ಲು

ದೆಹಲಿಯ ಪೀತಮ್‌ಪುರದ ನಮ್ಮ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲಿನ ಒಂದು ಕುಂಡ ಇತ್ತು. ಎದುರು ಮನೆಯ ಗೆಳತಿ ಕೊಟ್ಟದ್ದು. ಆಕೆ ಹಾಸನದ ಕಡೆಯವಳು, ಶಾಲೆಯಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು. ಸಂಜೆ ನಾಲ್ಕೂವರೆಗೆ ಬಂದು, ಕತ್ತರಿಯಲ್ಲಿ ಎರಡು ಎಲೆ ಕತ್ತರಿಸಿ, ಗಂಟು ಹಾಕಿ ನಮ್ಮಿಬ್ಬರ ಚಹಕ್ಕೆ ಹಾಕುವಳು. "ಬುಡ ಕೀಳಬೇಡ ಕಣೇ, ಮೇಲಿಂದ ಮೇಲೆ ಕತ್ತರಿಸು. ನಿನಗಿಂತ ಹೆಚ್ಚು ವರ್ಷ ಬಾಳತ್ತೆ" ಅನ್ನುವಳು.

ಅವಳ ಗಂಡನಿಗೆ ಭೋಪಾಲಿಗೆ ವರ್ಗವಾಯಿತು. ಆಮೇಲೆ ನಾಲ್ಕೂವರೆಗೆ ನಾನೊಬ್ಬಳೇ. ನನ್ನವರು ಕಚೇರಿಯ ಕೆಲಸದ ಮೇಲೆ ಊರೂರು ತಿರುಗಿ ಶನಿವಾರ ಬರುವವರು. ಒಂದು ಕಪ್ಪು ನೀರು ಅಳೆಯುವಾಗಲೂ ಕೈ ತಾನಾಗಿ ಎರಡು ಕಪ್ಪು ಅಳೆಯುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ನಾನು ತವರಿಗೆ ಹೋಗಿದ್ದೆ. ಕುಂಡಗಳಿಗೆ ನೀರು ಹಾಕಲು ಕಾಲೊನಿಯ ಮಾಲಿಗೆ ಹೇಳಿದ್ದೆ. ಬಂದು ನೋಡಿದರೆ ಹುಲ್ಲು ಸೊಗಸಾಗಿ ಬೆಳೆದಿತ್ತು. ಚಹದಲ್ಲಿ ಮಾತ್ರ ಸ್ವಲ್ಪ ಸಾಬೂನಿನ ವಾಸನೆ. ಪಾತ್ರೆ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಂಡು ಎರಡು ಸಲ ತಿಕ್ಕಿದೆ. ಮತ್ತೂ ಅದನ್ನೇ ಕುಡಿದೆ.

ಆ ಮಳೆಗಾಲದಲ್ಲಿ ಗೆಳತಿಯ ಇ-ಮೇಲ್ ಬಂತು. ಅವಳು ಒಯ್ದಿದ್ದ ಇದೇ ಹುಲ್ಲಿನ ಕುಂಡ ಮನೆ ಸಾಗಿಸುವಾಗಲೇ ಒಣಗಿಹೋಗಿತ್ತಂತೆ. ಭೋಪಾಲಿನವರೊಬ್ಬರು ದೆಹಲಿಗೆ ಬಂದು ಹೋಗುತ್ತಾರೆ, ಅವರ ಕೈಯಲ್ಲಿ ನಮ್ಮ ಹುಲ್ಲಿನ ಎರಡು ಬುಡ ಕಳಿಸು, ಮೊದಲು ಫೋಟೋ ಕಳಿಸು, ಬುಡ ಆರೋಗ್ಯವಾಗಿದೆಯೋ ನೋಡ್ತೀನಿ ಅಂತ ಬರೆದಿದ್ದಳು. ನನಗೆ ಹಬ್ಬದಷ್ಟು ಖುಷಿ. ನನ್ನವರ ಡಿಜಿಟಲ್ ಕ್ಯಾಮೆರಾದಲ್ಲಿ ಸಂಜೆ ಬಿಸಿಲಲ್ಲಿ ಫೋಟೋ ತೆಗೆದು, ಮಾರ್ಕೆಟ್ಟಿನ ಸೈಬರ್ ಕೆಫೆಯಿಂದ ಕಳಿಸಿದೆ.

ಮರುದಿನ ಉತ್ತರ ಬಂತು: "ಇದೇನೇ, ಬುಡ ಕೆಂಪಗಿದೆ! ನಮ್ಮದು ಈರುಳ್ಳಿ ಸೊಪ್ಪಿನ ಬುಡದ ಹಾಗೆ ಬೆಳ್ಳಗಿತ್ತಲ್ಲಾ? ಬಿಸಿಲಿಗೂ ಕೆಂಪು ಕಾಣಬಹುದು. ಬೆಳಿಗ್ಗೆ ನೆರಳಲ್ಲಿ ತೆಗಿ. ಹಿಂದೆ ಬಿಳಿ ಕಾಗದ ಇಡು, ಎಲೆ ಪಕ್ಕ ಸ್ಕೇಲ್ ಇಡು. ಪೂರ್ತಿ ಪೊದೆಯದೂ ಒಂದು ದೂರದಿಂದ. ಟೀಚರ್ ಅಂತ ಬೈಕೋಬೇಡ."

ನಾನು ಬೈದುಕೊಂಡೇ ಮಾಡಿದೆ. ಕಾಗದ ಇಟ್ಟು ಎಲೆಗಳನ್ನು ಸರಿಸಿದಾಗ ಮೊದಲ ಸಲ ಬುಡ ನೋಡಿದೆ. ವರ್ಷಗಟ್ಟಲೆ ಮೇಲಿಂದ ಮೇಲೆ ಕತ್ತರಿಸಿದ ನನಗೆ ಅದನ್ನು ನೋಡುವ ಕಾರಣವೇ ಬಂದಿರಲಿಲ್ಲ. ನೆರಳಲ್ಲೂ ಕೆಂಪೇ, ಬೀಟ್‌ರೂಟ್ ನೀರು ಹಿಡಿದ ಹಾಗೆ. ಎಲೆ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಅಗಲ. ಪೊದೆ ನಾಲ್ಕೂ ಕಡೆ ಬಾಗಿ ಕುಂಡ ಮುಚ್ಚಿತ್ತು.

ಬೀರುವಿನಿಂದ ಹಳೆಯ ಆಲ್ಬಮ್ ತೆಗೆದೆ. ಒಂದು ಫೋಟೋದಲ್ಲಿ ಗೆಳತಿ ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂತು ನಗುತ್ತಿದ್ದಾಳೆ, ಎಲೆಯೊಂದನ್ನು ಬೆರಳಿಗೆ ತಾಗಿಸಿದ್ದಾಳೆ. ಎಲೆ ಅವಳ ಕಿರುಬೆರಳಿಗಿಂತ ಕಿರಿದು. ಪೊದೆ ಒತ್ತಾಗಿ ನೆಟ್ಟಗೆ ನಿಂತು ತುದಿಯಲ್ಲಷ್ಟೇ ಬಾಗಿದೆ. ಬುಡ ಬೆಳ್ಳಗೆ, ಉಬ್ಬಿಕೊಂಡಿದೆ.

ಮಾಲಿಯನ್ನು ಕರೆದೆ. "ಭಯ್ಯಾ, ಇದು ನನ್ನ ಹುಲ್ಲೇನಾ?"

ಅವನು ಟವೆಲ್ ಹೆಗಲಿಂದ ತೆಗೆದು ಮತ್ತೆ ಹಾಕಿಕೊಂಡ. "ಸೂಖ್ ಗಯಾ ಥಾ, ಭಾಬೀಜಿ. ಒಣಗಿ ಹೋಗಿತ್ತು. ನಾನೂ ಎರಡು ದಿನ ಜ್ವರ ಅಂತ ಮಲಗಿದ್ದೆ. ಪಾರ್ಕಿನಿಂದ ಇಂಥದ್ದೇ ತಂದು ಹಾಕಿದೆ. ಉಜ್ಜಿ ನೋಡಿ, ನಿಂಬೆ ವಾಸನೆಯೇ ಬರ್ತದೆ."

"ಹೇಳಬಾರದಿತ್ತಾ?"

"ನೀವು ಅಳ್ತೀರಿ ಅನ್ನಿಸ್ತು."

ಅವನ ಮುಂದೆ ಅಳಲಿಲ್ಲ.

ಗೆಳತಿಗೆ ಎಲ್ಲ ಬರೆದೆ. ಅವಳು ಉತ್ತರಿಸಿದಳು: "ಸಿಟ್ರೊನೆಲ್ಲಾ ಕಣೇ ಅದು, ಸೊಳ್ಳೆ ಓಡಿಸೋ ಎಣ್ಣೆ ತೆಗೆಯೋ ಹುಲ್ಲು. ಚಹಕ್ಕೆ ಹಾಕಬೇಡ. ಇಷ್ಟು ದಿನ ಕುಡಿದೆಯಾ? ಅದಕ್ಕೇ ನಿನ್ನ ಹತ್ತಿರ ಸೊಳ್ಳೆ ಬರ್ತಿಲ್ಲ!" ಕೆಳಗೆ ಇನ್ನೊಂದು ಸಾಲು: "ಹಾಗಾದರೆ ನಮ್ಮದು ಎಲ್ಲೂ ಉಳಿದಿಲ್ಲ."

ಆ ಸಾಲಿನ ಮುಂದೆ ಎಷ್ಟು ಹೊತ್ತು ಕೂತೆನೋ, ಕೆಫೆಯವನು ಬಂದು "ಆಂಟಿ, ಹೋ ಗಯಾ? ಮುಗೀತಾ?" ಅಂದ.

ಮಜ್ಜಿಗೆ ಹುಲ್ಲು ಫರೀದಾಬಾದಿನ ನರ್ಸರಿಯೊಂದರಲ್ಲಿ ಇರಬಹುದು ಅಂತ ಯಾರೋ ಹೇಳಿದರು. ಎರಡು ಬಸ್ಸು ಬದಲಿಸಿ ಹೋದೆ. ನರ್ಸರಿಯವನು ನಾನು ಬುಡದ ಬಣ್ಣ ನೋಡುವುದನ್ನು ಕಂಡು, "ಬಣ್ಣ ಒಂದನ್ನೇ ನಂಬಬೇಡಿ. ಮಜ್ಜಿಗೆ ಹುಲ್ಲಿನಲ್ಲೂ ಬುಡ ಕೆಂಪಾಗುವ ಜಾತಿ ಇದೆ. ಬುಡ, ಎಲೆ, ಪೊದೆ ಮೂರೂ ಸೇರಿಸಿ ನೋಡಿ" ಅಂದ ಹಿಂದಿಯಲ್ಲಿ. ಮೂರೂ ನೋಡಿ ಮೂರು ಬುಡ ಆರಿಸಿದೆ. ಬಿಳಿ ಕಾಗದ ಇಟ್ಟು ಫೋಟೋ ಕಳಿಸಿದೆ.

"ಇದೇ ಸರಿ. ಎರಡು ಬುಡ ಕಳಿಸು, ಒಂದು ನೀನು ನೆಡು" ಅಂತ ಬರೆದಳು.

ಎರಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಭೋಪಾಲಿನವರ ಕೈಗೆ ಕೊಟ್ಟೆ. ಕೆಂಪು ಬುಡದ ಪೊದೆಯನ್ನೂ ಕಿತ್ತು ಎಸೆಯಲಿಲ್ಲ, ಬಾಲ್ಕನಿಯ ಮೂಲೆಗೆ ಸರಿಸಿದೆ. ನಾನು ನೆಟ್ಟ ಹೊಸ ಬುಡದಲ್ಲಿ ಇನ್ನೂ ಬೆರಳುದ್ದದ ಚಿಗುರು, ಕತ್ತರಿಸುವಂತಿಲ್ಲ. ಅಂದು ನಾಲ್ಕೂವರೆಗೆ ಬರೀ ಶುಂಠಿ ಹಾಕಿ ಚಹ ಮಾಡಿದೆ. ಅಳತೆ ಮತ್ತೆ ಎರಡು ಕಪ್ಪಾಗಿತ್ತು. ಒಂದನ್ನು ಮಾಲಿಗೆ ಕೊಟ್ಟೆ. ಅವನು ಮೆಟ್ಟಿಲ ಮೇಲೆ ಕೂತು, ಬಾಗಿಲ ಕಡೆ ಬೆನ್ನು ಹಾಕಿ ಕುಡಿದ.