ಲಾಭ ಕಡಿಮೆಯಾದ ವರ್ಷದ ಭಾಷಣ

ಇಂಡಿ ತಾಲ್ಲೂಕಿನ ನಮ್ಮ ಲಿಂಬೆ ಬೆಳೆಗಾರರ ಕಂಪನಿಯ ಅಧ್ಯಕ್ಷರು ಒಂದು ಮಧ್ಯಾಹ್ನ ಆಡಿಟ್ ವರದಿ ಹಿಡಿದುಕೊಂಡು ಮನೆಗೆ ಬಂದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅರ್ಧ ಎಕರೆ ಲಿಂಬೆ ಗಿಡ ಇರುವುದರಿಂದ ಆ ಕಂಪನಿಯ ಸಣ್ಣ ಷೇರುದಾರಳೂ ಹೌದು.

"ಅಕ್ಕಾರ, ವಾರ್ಷಿಕ ಸಭಾದಾಗ ನಾ ಮಾತಾಡಬೇಕು. ಮಂದಿಗೆ ತಿಳಿಯೂ ಹಂಗ ಬರದು ಕೊಡ್ರಿ," ಎಂದರು.

ವರದಿ ಓದಿದೆ. ವ್ಯಾಪಾರ ಹೆಚ್ಚಾಗಿತ್ತು, ಲಾಭ ಕಡಿಮೆಯಾಗಿತ್ತು. ಇದು ಹೇಗೆ? ಭಾಷಣಕ್ಕಿಂತ ಮೊದಲು ನನಗೇ ಅದು ತಿಳಿಯಬೇಕಿತ್ತು. ಖರ್ಚಿನ ಪಟ್ಟಿಯಲ್ಲಿ 'ಸವಕಳಿ' ಎಂಬ ಮಾತಿನ ಮೇಲೆ ಬೆರಳಿಟ್ಟೆ. ಮಣ್ಣಿನ ಸವಕಳಿ ಎಷ್ಟೋ ಸಲ ಪಾಠ ಮಾಡಿದ್ದೆ, ಇದು ಯಾವುದು?

"ಕಾಯಿ ಸೈಜ್ ನೋಡಿ ಬ್ಯಾರೆ ಮಾಡೂ ಮಷಿನ್ ತಂದ್ವಿ ಅಲ್ರಿ. ಅದರ ಬೆಲಿ ಒಂದ ವರ್ಷದ ಖರ್ಚಿಗೆ ಹಾಕಂಗಿಲ್ಲ. ಅದು ದುಡಿಯೂ ಅಷ್ಟೂ ವರ್ಷಕ್ಕ ಹಂಚತಾರ."

"ಅಂದ್ರ ಈ ವರ್ಷದ ಪಾಲಿಗೆ ಈಗ ರೊಕ್ಕ ಹೋಗೂದಿಲ್ಲೇನ್ರಿ?"

"ಇಲ್ರಿ. ರೊಕ್ಕ ಮಷಿನ್ ತಂದಾಗ ಹೋತು. ಸವೆಯೂದು ಈಗ ಶುರು."

ಇನ್ನೊಂದು ಕಾರಣವನ್ನೂ ಹೇಳಿದರು. ಪೇಟೆಯಲ್ಲಿ ದರ ಬಿದ್ದಾಗಲೂ ಕಂಪನಿ ಬೆಳೆಗಾರರಿಗೆ ಹೆಚ್ಚು ಕೊಟ್ಟು ಕಾಯಿ ಕೊಂಡಿತ್ತು. ನಾನು ಖುಷಿಯಿಂದ ಬರೆದೆ: 'ಕಡಿಮೆಯಾದ ಲಾಭದ ಒಂದು ಭಾಗ ನಿಮ್ಮೆಲ್ಲರ ಕೈಗೇ ಬಂದಿದೆ.'

ಸಭೆಯಲ್ಲಿ ಅಧ್ಯಕ್ಷರು ಅದನ್ನು ನಿಧಾನವಾಗಿ ಓದಿದರು. ಸವಕಳಿಯ ವಿಷಯಕ್ಕೆ ಜನ ತಲೆಯಾಡಿಸಿದರು. ನನ್ನ ಆ ಸಾಲು ಬಂದಾಗ ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು ಎದ್ದು ನಿಂತಳು.

"ನಮ್ಮ ಗಿಡಾ ಇನ್ನಾ ಸಣ್ಣವು. ನಾ ಒಂದ ಕಾಯಿನೂ ಕೊಟ್ಟಿಲ್ಲ. ನನ್ನ ಕೈಗೆ ಏನ್ ಬಂತ್ರಿ?"

'ಎಲ್ಲರ' ಎಂದು ಸೇರಿಸಿದವಳು ನಾನೇ. ಅಧ್ಯಕ್ಷರು ಕಾಗದ ಮೇಜಿನ ಮೇಲಿಟ್ಟರು.

"ಖರೇ ಕೇಳಿದಿ ತಂಗಿ. ನಿನಗ ಅದು ಬಂದಿಲ್ಲ. ಕಾಯಿ ಕೊಟ್ಟವರಿಗಷ್ಟ ಬಂದೈತಿ. ನಿನಗ ಷೇರಿನ ಮ್ಯಾಲಿನ ಡಿವಿಡೆಂಡ್ ಒಂದ, ಅದೂ ಹೋದ ವರ್ಷಕ್ಕಿಂತ ಕಡಿಮಿ. ಇಷ್ಟು ಕೊಡೂಣು ಅಂತ ಮಂಡಳಿ ಹೇಳೇತಿ. ಒಪ್ಪೂದು ಬಿಡೂದು ನಿಮ್ಮ ಕೈಯಾಗೈತಿ."

"ಇದನ್ನ ಮೊದಲ ಹೇಳಬೇಕಿತ್ರಿ," ಎಂದು ಆಕೆ ಕುಳಿತಳು. ಡಿವಿಡೆಂಡಿಗೆ ಒಪ್ಪಿಗೆ ಕೇಳಿದಾಗ ಕೈ ಎತ್ತಿದವರಲ್ಲಿ ಆಕೆಯೂ ಇದ್ದಳು. ಅದೂ ನನಗೆ ಸೋಜಿಗವೇ. ಊಟದ ಹೊತ್ತಿಗೆ ಹೋಗಿ ಕೇಳಿದೆ.

"ನಮ್ಮ ಗಿಡಾನೂ ಮುಂದ ಕಾಯಿ ಬಿಡ್ತಾವಲ್ರಿ ಅಕ್ಕಾರ. ಆವಾಗ ಪ್ಯಾಟ್ಯಾಗ ದರಾ ಬಿದ್ರ ನನಗೂ ಹಿಂಗ ಹೆಚ್ಚಿನ ದರಾ ಬೇಕು," ಎಂದಳು. ಆಮೇಲೆ ನನ್ನನ್ನೇ ಕೇಳಿದಳು, "ನೀವು ಎಷ್ಟು ಕಾಯಿ ಕೊಟ್ಟೀರಿ?" ಅರ್ಧ ಎಕರೆಯದ್ದನ್ನೆಲ್ಲ ಕೊಟ್ಟಿದ್ದೆ, ಆ ಹೆಚ್ಚಿನ ದರ ನನಗೂ ಬಂದಿತ್ತು ಎಂದು ಒಪ್ಪಿಕೊಂಡೆ.

ಸಭೆಗೆ ಬಾರದವರಿಗೆ ಕಳಿಸುವ ಭಾಷಣದ ಅಚ್ಚಿನ ಪ್ರತಿಯಲ್ಲಿ 'ನಿಮ್ಮೆಲ್ಲರ' ತೆಗೆದು 'ಕಾಯಿ ಕೊಟ್ಟವರ' ಎಂದು ತಿದ್ದಿದೆ. ಅದರ ಕೆಳಗೆ ಸಭೆಯಲ್ಲಿ ಆಕೆ ಕೇಳಿದ ಪ್ರಶ್ನೆಯನ್ನೂ ತಮ್ಮ ಉತ್ತರವನ್ನೂ ಹಾಕಿರೆಂದು ಅಧ್ಯಕ್ಷರೇ ಹೇಳಿದರು.